ತಳಹದಿಗೆ ಸುರಿದ ಕಾಂಕ್ರೀಟು: ಮುಳುಗಿದ ವೆಚ್ಚದ ಕುರಿತು ಒಂದು ಸಂವಾದ

ಉದ್ಯಮಿ: ‘ಮುಳುಗಿದ ವೆಚ್ಚ’ ಎಂಬ ಮಾತು ವ್ಯವಹಾರದ ಪುಸ್ತಕಗಳಲ್ಲೂ ಬ್ಯಾಂಕಿನವರ ಬಾಯಲ್ಲೂ ಆಗಾಗ ಕೇಳಿಬರುತ್ತದೆ. ಖರ್ಚಾದ ಹಣವೆಲ್ಲವೂ ಮುಳುಗಿದ ಹಣವೇ ಎಂಬುದು ಅದರ ಅರ್ಥವೇ? ಹಾಗಿದ್ದರೆ ಕೊಂಡ ಜಮೀನೂ ಮುಳುಗಿತು, ಗೋದಾಮಿನಲ್ಲಿರುವ ದಾಸ್ತಾನೂ ಮುಳುಗಿತು ಎನ್ನಬೇಕಾಗುತ್ತದೆ.

ಲೆಕ್ಕತಜ್ಞ: ಹಾಗಲ್ಲ. ಇಂಗ್ಲಿಷಿನಲ್ಲಿ ‘ಸಂಕ್ ಕಾಸ್ಟ್’ ಎಂದು ಕರೆಯುವ ಈ ವೆಚ್ಚಕ್ಕೆ ಎರಡು ಲಕ್ಷಣಗಳಿವೆ: ಅದು ಆಗಲೇ ಖರ್ಚಾಗಿರಬೇಕು, ಮತ್ತು ಈಗ ಯಾವ ತೀರ್ಮಾನ ಕೈಗೊಂಡರೂ ಅದು ಮರಳಿ ಬರುವಂತಿರಬಾರದು. ಜಮೀನನ್ನು ಮಾರಬಹುದಾದ್ದರಿಂದ ಅದರ ಬೆಲೆ ಮುಳುಗಿಲ್ಲ. ದಾಸ್ತಾನನ್ನು ಕಡಿಮೆ ಬೆಲೆಗಾದರೂ ಮಾರಬಹುದಾದ್ದರಿಂದ ಕೊಂಡ ಬೆಲೆಗೂ ಮಾರಿದರೆ ಸಿಗುವ ಬೆಲೆಗೂ ನಡುವಿನ ಅಂತರವಷ್ಟೇ ಮುಳುಗಿದೆ. ಇದು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಕಾರ್ಖಾನೆಯ ಷೆಡ್ಡಿನಲ್ಲಿ ಯಂತ್ರ ಕೂರಿಸಲು ಹಾಕುವ ತಳಹದಿಯಲ್ಲಿ. ನೆಲವನ್ನು ಆಳಕ್ಕೆ ಅಗೆದು, ಕಬ್ಬಿಣದ ಸರಳು ಕಟ್ಟಿ, ಕಾಂಕ್ರೀಟು ಸುರಿದು, ಆ ಒಂದು ಯಂತ್ರದ ಕಾಲುಗಳು ಎಲ್ಲೆಲ್ಲಿ ಬರುತ್ತವೆಯೋ ಅಲ್ಲಲ್ಲಿಗೇ ಅಳತೆ ಹಿಡಿದು ಬೋಲ್ಟುಗಳನ್ನು ಹೂತಿರುತ್ತಾರೆ. ಯಂತ್ರವನ್ನು ಇನ್ನೊಬ್ಬರಿಗೆ ಮಾರಬಹುದು, ತಂತಿಯನ್ನು ಬಿಚ್ಚಿ ಗುಜರಿಗೆ ಹಾಕಬಹುದು; ಆದರೆ ಆ ಕಾಂಕ್ರೀಟನ್ನು ಅಗೆದು ಮಾರಲು ಬರುವುದಿಲ್ಲ, ಬೇರೆ ಯಂತ್ರದ ಕಾಲು ಆ ಬೋಲ್ಟುಗಳಿಗೆ ಹೊಂದುವುದೂ ಇಲ್ಲ. ಮುಳುಗಿದ ವೆಚ್ಚ ಎಂದರೆ ಆ ಕಾಂಕ್ರೀಟು.

ಉದ್ಯಮಿ: ಅಂದರೆ ಹಿಂದೆ ಆದ ಖರ್ಚು ಒಂದು ಕಡೆ, ಮುಂದೆ ಆಗುವ ಖರ್ಚು ಇನ್ನೊಂದು ಕಡೆ ಎಂದು ಗೆರೆ ಎಳೆದರೆ ಸಾಕೇ?

ಲೆಕ್ಕತಜ್ಞ: ಬಹಳ ಜನ ಅಲ್ಲಿಗೇ ನಿಲ್ಲಿಸುತ್ತಾರೆ, ಆದರೆ ಗೆರೆ ಎಳೆಯಬೇಕಾದ ಜಾಗ ಅದಲ್ಲ. ಈ ತೀರ್ಮಾನದಿಂದ ಬದಲಾಗುವ ಹಣ ಯಾವುದು, ಬದಲಾಗದ ಹಣ ಯಾವುದು ಎಂಬಲ್ಲಿ ಗೆರೆ ಎಳೆಯಬೇಕು. ಐದು ವರ್ಷಕ್ಕೆ ಗೋದಾಮನ್ನು ಬಾಡಿಗೆಗೆ ಪಡೆದು, ನಡುವೆ ಬಿಡಲಾಗದಂತೆ ಕರಾರಿಗೆ ಸಹಿ ಹಾಕಿದ್ದರೆ, ಬರುವ ವರ್ಷದ ಬಾಡಿಗೆಯೂ ಮುಳುಗಿದ ವೆಚ್ಚವೇ ಸರಿ, ಏಕೆಂದರೆ ಅದನ್ನು ಇನ್ನೂ ಕೊಟ್ಟಿಲ್ಲದಿದ್ದರೂ ಕೊಡದೆ ವಿಧಿಯಿಲ್ಲ. ಗೋದಾಮನ್ನು ಮರುಬಾಡಿಗೆಗೆ ಕೊಡುವ ಅವಕಾಶವಿದ್ದರೆ ಮಾತ್ರ ಅಷ್ಟು ಮೊತ್ತ ಲೆಕ್ಕಕ್ಕೆ ಬರುತ್ತದೆ. ಇದಕ್ಕೆ ವಿರುದ್ಧವಾಗಿ, ಹಿಂದೆಯೇ ಕೊಂಡ ಯಂತ್ರಕ್ಕೆ ಈ ಹೊತ್ತಿಗೆ ಒಳ್ಳೆಯ ಗಿರಾಕಿಯಿದ್ದರೆ, ಆ ಗಿರಾಕಿ ಕೊಡುವ ಬೆಲೆ ಜೀವಂತವಾದ ಹಣ. ಯೋಜನೆಯನ್ನು ಮುಂದುವರಿಸಿದರೆ ಅದನ್ನು ಬಿಟ್ಟುಕೊಟ್ಟಂತಾಗುತ್ತದೆ. ಹೀಗೆ ಒಂದು ದಾರಿ ಹಿಡಿದಾಗ ಇನ್ನೊಂದು ದಾರಿಯಲ್ಲಿ ಸಿಗುತ್ತಿದ್ದುದನ್ನು ಕಳೆದುಕೊಳ್ಳುವುದಕ್ಕೆ ಅರ್ಥಶಾಸ್ತ್ರದಲ್ಲಿ ಅವಕಾಶ ವೆಚ್ಚ ಎನ್ನುತ್ತಾರೆ. ಮುಳುಗಿದ ವೆಚ್ಚವನ್ನು ಲೆಕ್ಕದಿಂದ ಹೊರಗಿಡುವುದು ಎಷ್ಟು ಮುಖ್ಯವೋ ಅವಕಾಶ ವೆಚ್ಚವನ್ನು ಒಳಗೆ ತರುವುದೂ ಅಷ್ಟೇ ಮುಖ್ಯ. ಮೊದಲನೆಯದನ್ನು ಮರೆಯಲಾಗದವರು ಎರಡನೆಯದನ್ನು ಸುಲಭವಾಗಿ ಮರೆಯುತ್ತಾರೆ.

ಉದ್ಯಮಿ: ಇದನ್ನು ಅಂಕಿಗಳಲ್ಲಿ ಇಟ್ಟು ನೋಡಬಹುದೇ? ತತ್ತ್ವವಾಗಿ ಒಪ್ಪಿಕೊಂಡದ್ದು ಸಭೆಯಲ್ಲಿ ನಿಲ್ಲುವುದಿಲ್ಲ.

ಲೆಕ್ಕತಜ್ಞ: ರಟ್ಟಿನ ಪೆಟ್ಟಿಗೆ ತಯಾರಿಸುವ ಒಂದು ಮಧ್ಯಮ ಗಾತ್ರದ ಕಾರ್ಖಾನೆಯನ್ನು ಊಹಿಸಿಕೊಳ್ಳೋಣ. ಇದುವರೆಗೆ ರಟ್ಟಿನ ಹಾಳೆಯನ್ನು ಹೊರಗಿನಿಂದ ತರಿಸುತ್ತಿದ್ದ ಕಾರ್ಖಾನೆ ಅದನ್ನು ತಾನೇ ಮಾಡಿಕೊಳ್ಳಲು 2 ಕೋಟಿ ರೂಪಾಯಿಯ ಅಂದಾಜಿನಲ್ಲಿ ಹೊಸ ಯಂತ್ರದ ಕೆಲಸ ಆರಂಭಿಸಿತು. ಈಗಾಗಲೇ 1 ಕೋಟಿ 40 ಲಕ್ಷ ಖರ್ಚಾಗಿದೆ: ತಳಹದಿ ಮತ್ತು ವಿದ್ಯುತ್ ಕೆಲಸಕ್ಕೆ 30 ಲಕ್ಷ, ಬಂದಿಳಿದ ಯಂತ್ರಗಳಿಗೆ 90 ಲಕ್ಷ, ಸಲಹೆಗಾರರಿಗೆ 20 ಲಕ್ಷ. ಅಷ್ಟರಲ್ಲಿ ಎರಡು ಸಂಗತಿಗಳು ನಡೆದವು. ಉಳಿದ ಭಾಗಗಳ ಬೆಲೆ ಏರಿ, ಮುಗಿಸಲು 60 ಲಕ್ಷದ ಬದಲು 80 ಲಕ್ಷ ಬೇಕಾಯಿತು. ದೊಡ್ಡ ಗಿರಾಕಿಯೊಬ್ಬರು ಪೆಟ್ಟಿಗೆಯನ್ನು ಬೇರೆಡೆಯಿಂದ ಪಡೆಯಲು ನಿರ್ಧರಿಸಿದ್ದರಿಂದ, ವರ್ಷಕ್ಕೆ 50 ಲಕ್ಷ ಉಳಿಸಬೇಕಿದ್ದ ಯಂತ್ರ ಈಗ 12 ಲಕ್ಷ ಮಾತ್ರ ಉಳಿಸುವಂತಾಯಿತು. ಯಂತ್ರದ ಆಯುಷ್ಯ 8 ವರ್ಷ.

ಉದ್ಯಮಿ: ಎಂಟು ವರ್ಷಕ್ಕೆ 12 ಲಕ್ಷದಂತೆ 96 ಲಕ್ಷ ಬರುತ್ತದೆ, ಬೇಕಾದದ್ದು 80 ಲಕ್ಷ. ಆದ್ದರಿಂದ ಮುಗಿಸುವುದೇ ಸರಿ ಎಂದು ಆಡಳಿತ ಮಂಡಳಿಯ ಯಾವ ಸದಸ್ಯರಾದರೂ ಹೇಳಿಯಾರು.

ಲೆಕ್ಕತಜ್ಞ: ಎಂಟನೆಯ ವರ್ಷ ಕೈಗೆ ಬರುವ 12 ಲಕ್ಷ ಇಂದಿನ 12 ಲಕ್ಷಕ್ಕೆ ಸಮವಲ್ಲ, ಏಕೆಂದರೆ ನಡುವಿನ ಅವಧಿಗೆ ಹಣಕ್ಕೆ ಬಡ್ಡಿಯಿದೆ. ಕಾರ್ಖಾನೆ ತನ್ನ ಬಂಡವಾಳಕ್ಕೆ ಶೇ. 12ರ ಪ್ರತಿಫಲ ಬಯಸುತ್ತದೆ ಎಂದಾದರೆ, ಎಂಟು ವರ್ಷಗಳ ಆ ಉಳಿತಾಯಕ್ಕೆ ಇಂದಿನ ಬೆಲೆ ಸುಮಾರು 60 ಲಕ್ಷ. ಇದನ್ನು ಪ್ರಸ್ತುತ ಮೌಲ್ಯ ಎನ್ನುತ್ತಾರೆ. ಇನ್ನು ಈಗಲೇ ಕೆಲಸ ನಿಲ್ಲಿಸಿದರೆ ಬಂದಿಳಿದ ಯಂತ್ರಗಳನ್ನು 35 ಲಕ್ಷಕ್ಕೆ ಮಾರಬಹುದು, ಉಳಿದ ಭಾಗಗಳ ಆರ್ಡರು ರದ್ದು ಮಾಡಿದ್ದಕ್ಕೆ 5 ಲಕ್ಷ ದಂಡ ಕಟ್ಟಬೇಕು. ಹೀಗೆ 30 ಲಕ್ಷ ಕೈಗೆ ಬರುತ್ತದೆ. ಮುಂದುವರಿಸಿದರೆ 80 ಲಕ್ಷ ಕೊಡಬೇಕು, ಜೊತೆಗೆ ಈ 30 ಲಕ್ಷವನ್ನೂ ಬಿಡಬೇಕು. ಒಟ್ಟು 1 ಕೋಟಿ 10 ಲಕ್ಷದ ತ್ಯಾಗಕ್ಕೆ ಸಿಗುವುದು 60 ಲಕ್ಷ. ನಿಲ್ಲಿಸುವುದರಿಂದ 50 ಲಕ್ಷ ಉಳಿಯುತ್ತದೆ.

ಉದ್ಯಮಿ: ಈ ಲೆಕ್ಕದಲ್ಲಿ 1 ಕೋಟಿ 40 ಲಕ್ಷ ಎಲ್ಲೂ ಕಾಣಲಿಲ್ಲ.

ಲೆಕ್ಕತಜ್ಞ: ಕಾಣಬೇಕಾಗಿಯೂ ಇಲ್ಲ. ಬೇಕೆಂದರೆ ಸೇರಿಸಿಯೂ ನೋಡಬಹುದು. ನಿಲ್ಲಿಸಿದರೆ ಇಡೀ ಯೋಜನೆಯ ನಷ್ಟ 1 ಕೋಟಿ 40 ಲಕ್ಷದಲ್ಲಿ 30 ಲಕ್ಷ ಕಳೆದು 1 ಕೋಟಿ 10 ಲಕ್ಷ. ಮುಂದುವರಿಸಿದರೆ 1 ಕೋಟಿ 40 ಲಕ್ಷಕ್ಕೆ 80 ಲಕ್ಷ ಕೂಡಿ, 60 ಲಕ್ಷ ಕಳೆದು 1 ಕೋಟಿ 60 ಲಕ್ಷ. ಎರಡರ ಅಂತರ ಮತ್ತೆ ಅದೇ 50 ಲಕ್ಷ. ತಕ್ಕಡಿಯ ಎರಡೂ ತಟ್ಟೆಗಳಲ್ಲಿ ಒಂದೇ ತೂಕದ ಕಲ್ಲನ್ನು ಇಟ್ಟರೆ ಮುಳ್ಳು ಹೇಗೆ ಅಲುಗುವುದಿಲ್ಲವೋ ಹಾಗೆ, ಎರಡೂ ಕಡೆ ಸಮನಾಗಿ ಬರುವ ಮೊತ್ತ ತೀರ್ಮಾನವನ್ನು ಬದಲಿಸಲಾರದು.

ಉದ್ಯಮಿ: ಹಾಗಾದರೆ ಈ ವಿಚಾರ ಯಾವಾಗಲೂ ‘ನಿಲ್ಲಿಸಿ’ ಎಂದೇ ಹೇಳುತ್ತದೆ ಎಂಬ ಭಾವನೆ ಬರುತ್ತದೆ. ಅರ್ಧಕ್ಕೆ ಬಿಟ್ಟ ಕೆಲಸಗಳಿಂದಲೇ ಹಾಳಾದ ಕಾರ್ಖಾನೆಗಳೂ ಇವೆ.

ಲೆಕ್ಕತಜ್ಞ: ಈ ಸಂದೇಹಕ್ಕೆ ಉತ್ತರ ಅದೇ ಉದಾಹರಣೆಯಲ್ಲಿದೆ. ವಾರ್ಷಿಕ ಉಳಿತಾಯ 12 ಲಕ್ಷಕ್ಕೆ ಬದಲಾಗಿ 25 ಲಕ್ಷ ಎಂದು ಇಟ್ಟುಕೊಂಡರೆ ಅದರ ಪ್ರಸ್ತುತ ಮೌಲ್ಯ ಸುಮಾರು 1 ಕೋಟಿ 24 ಲಕ್ಷವಾಗುತ್ತದೆ. ಮುಂದುವರಿಸಲು ತೆರಬೇಕಾದದ್ದು 1 ಕೋಟಿ 10 ಲಕ್ಷ. ಆದ್ದರಿಂದ ಮುಗಿಸುವುದೇ ಸರಿ. ಆದರೆ ಇಡೀ ಯೋಜನೆಯನ್ನು ಒಟ್ಟಾಗಿ ನೋಡುವವರಿಗೆ ಬೇರೆಯೇ ಚಿತ್ರ ಕಾಣುತ್ತದೆ: 2 ಕೋಟಿ 20 ಲಕ್ಷ ಹಾಕಿ 1 ಕೋಟಿ 24 ಲಕ್ಷ ಪಡೆಯುವ ಈ ಕೆಲಸದಲ್ಲಿ 96 ಲಕ್ಷ ನಷ್ಟವಿದೆ, ಇಂಥ ನಷ್ಟದ ಯೋಜನೆಯನ್ನು ಈಗಲೇ ಕೈಬಿಡಿ ಎಂದು ಅವರು ಒತ್ತಾಯಿಸುತ್ತಾರೆ. ಅವರೂ ಮುಳುಗಿದ ಹಣವನ್ನೇ ಎಣಿಸುತ್ತಿದ್ದಾರೆ. ಈಗ ಕೈಬಿಟ್ಟರೆ ನಷ್ಟ 1 ಕೋಟಿ 10 ಲಕ್ಷ, ಮುಗಿಸಿದರೆ 96 ಲಕ್ಷ. ‘ಇಷ್ಟು ಹಾಕಿದ್ದೇವೆ, ಬಿಡಬಾರದು’ ಎನ್ನುವುದೂ ‘ಇಷ್ಟು ಹಾಕಿದ್ದು ಹಿಂದಿರುಗುವುದಿಲ್ಲ, ಬಿಡಬೇಕು’ ಎನ್ನುವುದೂ ಒಂದೇ ತಪ್ಪಿನ ಎರಡು ಮುಖಗಳು.

ಉದ್ಯಮಿ: ಎರಡನೆಯ ಮುಖವನ್ನು ಯಾರೂ ಹೇಳುವುದಿಲ್ಲ. ನಿಜವಾದ ವ್ಯವಹಾರದಲ್ಲಿ ಹಾಗೆ ನಡೆದದ್ದುಂಟೇ?

ಲೆಕ್ಕತಜ್ಞ: ಅಮೆರಿಕದ ಲಾಕ್‌ಹೀಡ್ ಕಂಪನಿಯ ಪ್ರಕರಣ ವಿತ್ತಶಾಸ್ತ್ರದ ಪಾಠಗಳಲ್ಲಿ ಇದಕ್ಕಾಗಿಯೇ ಬರುತ್ತದೆ. ಟ್ರೈಸ್ಟಾರ್ ಎಂಬ ಮೂರು ಎಂಜಿನ್ನುಗಳ ಪ್ರಯಾಣಿಕ ವಿಮಾನವನ್ನು ಅದು ಅಭಿವೃದ್ಧಿಪಡಿಸುತ್ತಿದ್ದಾಗ, ಎಂಜಿನ್ ಒದಗಿಸಬೇಕಿದ್ದ ಬ್ರಿಟನ್ನಿನ ರೋಲ್ಸ್ ರಾಯ್ಸ್ 1971ರ ಫೆಬ್ರವರಿಯಲ್ಲಿ ದಿವಾಳಿಯ ಅಂಚಿಗೆ ಬಂದು ಆಡಳಿತವನ್ನು ಬೇರೆಯವರ ಕೈಗೊಪ್ಪಿಸಬೇಕಾಯಿತು; ಲಾಕ್‌ಹೀಡ್ ಕೂಡ ಸಾಲವಿಲ್ಲದೆ ಮುಂದೆ ಹೋಗಲಾರದ ಸ್ಥಿತಿ ತಲುಪಿತು. 25 ಕೋಟಿ ಡಾಲರ್ ಸಾಲಕ್ಕೆ ಸರ್ಕಾರ ಜಾಮೀನು ನಿಲ್ಲಬೇಕೇ ಎಂಬ ಪ್ರಶ್ನೆ ಅಮೆರಿಕದ ಕಾಂಗ್ರೆಸ್ಸಿನ ಮುಂದೆ ಬಂದಾಗ, ಪರವಾಗಿದ್ದವರು ಸುಮಾರು 100 ಕೋಟಿ ಡಾಲರ್ ಖರ್ಚಾಗಿರುವ ಯೋಜನೆಯನ್ನು ಬಿಡುವುದು ಮೂರ್ಖತನವೆಂದರು; ವಿರೋಧಿಸಿದವರಲ್ಲಿ ಕೆಲವರು ಆ 100 ಕೋಟಿಗೆ ಪ್ರತಿಫಲ ತರುವ ಲಕ್ಷಣವೇ ಇಲ್ಲದ ಯೋಜನೆಯನ್ನು ಮುಂದುವರಿಸುವುದೇ ಮೂರ್ಖತನವೆಂದರು. ಇಬ್ಬರ ಬಾಯಲ್ಲೂ ಅದೇ 100 ಕೋಟಿ. ಇನ್ನು ಎಷ್ಟು ಹಾಕಬೇಕು, ಎಷ್ಟು ವಿಮಾನ ಮಾರಾಟವಾದೀತು, ಒಂದೊಂದರಿಂದ ಎಷ್ಟು ಉಳಿದೀತು ಎಂಬುದಷ್ಟೇ ಆ ದಿನದ ಪ್ರಶ್ನೆಯಾಗಬೇಕಿತ್ತು. ಸೆನೆಟ್ಟಿನಲ್ಲಿ 49ಕ್ಕೆ 48 ಮತಗಳ ಅಂತರದಿಂದ ಜಾಮೀನು ಅಂಗೀಕಾರವಾಯಿತು. ಕಡೆಗೆ ತಯಾರಾದದ್ದು 250 ವಿಮಾನಗಳು. ಕಂಪನಿಗೆ ಅದರಿಂದ ಲಾಭವಾಗಲಿಲ್ಲ, ಮತ್ತೆ ಪ್ರಯಾಣಿಕ ವಿಮಾನದ ತಯಾರಿಕೆಗೆ ಅದು ಕೈ ಹಾಕಲೂ ಇಲ್ಲ.

ಉದ್ಯಮಿ: ಕಾಂಕಾರ್ಡ್ ವಿಮಾನದ ಕಥೆಯೂ ಇದೇ ಬಗೆಯದೆಂದು ಹೇಳುತ್ತಾರೆ. ಈ ತಪ್ಪಿಗೆ ಅದರ ಹೆಸರನ್ನೇ ಇಟ್ಟಿದ್ದಾರಲ್ಲ.

ಲೆಕ್ಕತಜ್ಞ: ಹೆಸರು ಇಟ್ಟದ್ದು ನಿಜ, ಆದರೆ ಆ ಉದಾಹರಣೆಯನ್ನು ಸ್ವಲ್ಪ ಎಚ್ಚರದಿಂದ ಬಳಸಬೇಕು. ಬ್ರಿಟನ್ ಮತ್ತು ಫ್ರಾನ್ಸ್ 1962ರಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ಒಬ್ಬರೇ ಹೊರಬರಲು ಅವಕಾಶ ಕೊಡುವ ಕಲಮು ಇರಲಿಲ್ಲ. 1964ರಲ್ಲಿ ಅಧಿಕಾರಕ್ಕೆ ಬಂದ ಬ್ರಿಟನ್ನಿನ ಹೊಸ ಸರ್ಕಾರ ಯೋಜನೆಯಿಂದ ಹಿಂದೆ ಸರಿಯಲು ಬಯಸಿದಾಗ, ಫ್ರಾನ್ಸಿಗೆ ಪರಿಹಾರ ಕೊಡಬೇಕಾದೀತೆಂಬ ಭಯ ಅದಕ್ಕೆ ಅಡ್ಡ ಬಂತು. ಪರಿಹಾರ ಎಂಬುದು ಮುಂದೆ ಕೊಡಬೇಕಾದ ಹಣ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ತಪ್ಪಲ್ಲ. ರಟ್ಟಿನ ಕಾರ್ಖಾನೆಯ ಲೆಕ್ಕದಲ್ಲಿ 5 ಲಕ್ಷದ ದಂಡ ಬಂದದ್ದೂ ಇದೇ ಕಾರಣಕ್ಕೆ. ಹೊರಗಿನಿಂದ ಹಟವೆಂದು ಕಾಣುವ ಎಷ್ಟೋ ಮುಂದುವರಿಕೆಗಳ ಒಳಗೆ ಇಂಥ ನಿಜವಾದ ನಿರ್ಗಮನ ವೆಚ್ಚ ಅಡಗಿರುತ್ತದೆ.

ಉದ್ಯಮಿ: ಈ ಲೆಕ್ಕ ಇಷ್ಟು ಸರಳವಾಗಿದ್ದರೆ, ದಿನಕ್ಕೆ ಹತ್ತು ಲೆಕ್ಕ ನೋಡುವ ವ್ಯಾಪಾರಸ್ಥರು ಏಕೆ ಎಡವುತ್ತಾರೆ? ಚಿಲ್ಲರೆ ಅಂಗಡಿಯವರೂ ಕೂಡ ‘ಹೋದದ್ದು ಹೋಯಿತು’ ಎನ್ನಲು ಕಲಿತಿರುತ್ತಾರೆ.

ಲೆಕ್ಕತಜ್ಞ: ಮೊದಲನೆಯ ಕಾರಣ ಎಲ್ಲ ಮನುಷ್ಯರಿಗೂ ಸೇರಿದ್ದು. ಹಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ ಎಂಬ ಸಂಶೋಧಕರು 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಪ್ರಶ್ನೆ ಕೇಳಿದ್ದರು. ರೇಡಾರಿಗೆ ಕಾಣದ ವಿಮಾನದ ಸಂಶೋಧನೆಗೆ ಒಂದು ಕಂಪನಿ 1 ಕೋಟಿ ಡಾಲರ್ ಹೂಡಿದೆ, ಕೆಲಸ ಶೇ. 90ರಷ್ಟು ಮುಗಿದಿದೆ, ಅಷ್ಟರಲ್ಲಿ ಇನ್ನೊಂದು ಕಂಪನಿ ಇದಕ್ಕಿಂತ ವೇಗದ, ಅಗ್ಗದ ವಿಮಾನವನ್ನು ಮಾರಾಟಕ್ಕೆ ತಂದಿದೆ, ಉಳಿದ ಶೇ. 10ರಷ್ಟು ಹಣ ಹಾಕಬೇಕೇ? 48 ಜನರಲ್ಲಿ 41 ಜನ ಹಾಕಬೇಕೆಂದರು. ಇನ್ನೊಂದು ಗುಂಪಿಗೆ ಹಿಂದಿನ ಖರ್ಚಿನ ಮಾತೇ ಇಲ್ಲದೆ, ಉಳಿದಿರುವ 10 ಲಕ್ಷ ಡಾಲರನ್ನು ಅಂಥದೇ ವಿಮಾನದ ಮೇಲೆ ಹಾಕಬಹುದೇ ಎಂದು ಕೇಳಿದಾಗ 60 ಜನರಲ್ಲಿ 10 ಜನ ಮಾತ್ರ ಒಪ್ಪಿದರು. ಎರಡೂ ಕಡೆ ಮುಂದೆ ಹಾಕುವ ಹಣ ಒಂದೇ, ಬರುವ ವಿಮಾನವೂ ಅಷ್ಟೇ ಕಳಪೆ. ಕೈಬಿಟ್ಟರೆ ಹಾಳುಮಾಡಿದಂತಾಗುತ್ತದೆ ಎಂಬ ಅಳುಕು ಮೊದಲ ಗುಂಪಿನ ಉತ್ತರವನ್ನು ತಿರುಗಿಸಿತೆಂಬುದು ಆ ಸಂಶೋಧಕರ ವಿವರಣೆ. ಎಲೆಯಲ್ಲಿ ಅನ್ನ ಬಿಡಬಾರದೆಂದು ಬೆಳೆದವರಿಗೆ ಈ ಅಳುಕನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಟ್ಟೆ ತುಂಬಿದ ಮೇಲೂ ಉಣ್ಣುವುದರಿಂದ ಅನ್ನ ಉಳಿಯುವುದಿಲ್ಲ ಎಂಬುದು ಮಾತ್ರ ಆ ಹೊತ್ತಿಗೆ ಹೊಳೆಯುವುದಿಲ್ಲ.

ಉದ್ಯಮಿ: ‘ಶೇ. 90 ಮುಗಿದಿದೆ’ ಎಂಬ ಮಾತಿಗೆ ಸಭೆಯಲ್ಲಿ ಬಹಳ ತೂಕವಿದೆ ಎಂಬುದಂತೂ ಸತ್ಯ.

ಲೆಕ್ಕತಜ್ಞ: ಆ ಮಾತನ್ನು ಕೇಳಿದಾಗಲೆಲ್ಲ ಅದು ಯಾವುದರ ಶೇಕಡಾವಾರು ಎಂದು ವಿಚಾರಿಸಬೇಕು. ಸಾಮಾನ್ಯವಾಗಿ ಅದು ಮಂಜೂರಾದ ಹಣದಲ್ಲಿ ಖರ್ಚಾದ ಪಾಲೇ ಹೊರತು ಆದ ಕೆಲಸದ ಪಾಲಲ್ಲ. ರಟ್ಟಿನ ಕಾರ್ಖಾನೆಯಲ್ಲಿ 2 ಕೋಟಿಗೆ 1 ಕೋಟಿ 40 ಲಕ್ಷ ಎಂದರೆ ಶೇ. 70 ಮುಗಿದಿದೆ ಎಂದು ವರದಿಯಾಗುತ್ತದೆ. ಆದರೆ ಮುಗಿಸಲು ಇನ್ನೂ 80 ಲಕ್ಷ ಬೇಕಾಗಿರುವುದರಿಂದ ಹೊಸ ಅಂದಾಜು 2 ಕೋಟಿ 20 ಲಕ್ಷವಾಗಿ, ಅದೇ ಖರ್ಚು ಶೇ. 64ಕ್ಕೆ ಇಳಿಯುತ್ತದೆ. ತಿಂಗಳು ಕಳೆದಂತೆ ಖರ್ಚು ಏರುತ್ತಿದ್ದರೂ ಬಾಕಿ ಮೊತ್ತ ಇಳಿಯದೆ ನಿಂತಿದ್ದರೆ ಅಥವಾ ಏರುತ್ತಿದ್ದರೆ, ಯೋಜನೆ ದಾರಿ ತಪ್ಪಿದೆಯೆಂದು ತಿಳಿಯಲು ಅದಕ್ಕಿಂತ ಸ್ಪಷ್ಟವಾದ ಗುರುತು ಬೇರೆಯಿಲ್ಲ. ಮುಗಿದ ಪಾಲನ್ನಲ್ಲ, ಬಾಕಿ ಉಳಿದ ಮೊತ್ತವನ್ನು ತಿಂಗಳು ತಿಂಗಳೂ ಬರೆಸಬೇಕು.

ಉದ್ಯಮಿ: ಅಳುಕು ಎಲ್ಲರಿಗೂ ಇದ್ದದ್ದೇ ಎಂದಾದರೆ, ವ್ಯವಹಾರ ಸಂಸ್ಥೆಗಳ ಕಷ್ಟ ಮನೆಯವರ ಕಷ್ಟಕ್ಕಿಂತ ಬೇರೆಯದೆಂದು ಏಕೆ ಹೇಳಬೇಕು?

ಲೆಕ್ಕತಜ್ಞ: ಸಂಸ್ಥೆಯಲ್ಲಿ ಹೋದ ಹಣ ಹೋಗಿಬಿಡುವುದಿಲ್ಲ ಎಂಬ ಕಾರಣಕ್ಕೆ. ಅದು ಲೆಕ್ಕದ ಪುಸ್ತಕದಲ್ಲಿ ಬದುಕಿರುತ್ತದೆ. ರಟ್ಟಿನ ಕಾರ್ಖಾನೆ ಖರ್ಚು ಮಾಡಿದ 1 ಕೋಟಿ 40 ಲಕ್ಷ ಆಸ್ತಿ ಮತ್ತು ಹೊಣೆಗಳ ಪಟ್ಟಿಯಲ್ಲಿ ‘ಪ್ರಗತಿಯಲ್ಲಿರುವ ಬಂಡವಾಳ ಕಾಮಗಾರಿ’ ಎಂಬ ತಲೆಬರಹದಡಿ ಆಸ್ತಿಯಾಗಿಯೇ ಕುಳಿತಿರುತ್ತದೆ. ಯೋಜನೆ ನಡೆಯುತ್ತಿರುವಷ್ಟು ಕಾಲ ಅದರಿಂದ ಲಾಭ-ನಷ್ಟದ ಪಟ್ಟಿಗೆ ಒಂದು ರೂಪಾಯಿಯ ಪೆಟ್ಟೂ ಬೀಳುವುದಿಲ್ಲ. ನಿಲ್ಲಿಸಿದ ದಿನವೇ 1 ಕೋಟಿ 10 ಲಕ್ಷವನ್ನು ನಷ್ಟವೆಂದು ಬರೆದು ಆಸ್ತಿಯಿಂದ ತೆಗೆಯಬೇಕು. ವ್ಯವಹಾರದ ಮಾತಿನಲ್ಲಿ ಇದನ್ನು ರೈಟ್ ಆಫ್ ಮಾಡುವುದು ಎನ್ನುತ್ತಾರೆ. ಮುಂದುವರಿಸಿದರೆ ಈ ವರ್ಷ ಯಾವ ನಷ್ಟವೂ ಇಲ್ಲ. ಯಂತ್ರ ಓಡಲು ಶುರುವಾದ ಮೇಲೆ 2 ಕೋಟಿ 20 ಲಕ್ಷ ಎಂಟು ವರ್ಷಗಳಲ್ಲಿ ಸವಕಳಿಯ ರೂಪದಲ್ಲಿ, ಅಂದರೆ ಯಂತ್ರ ಸವೆದಂತೆ ವರ್ಷಕ್ಕಿಷ್ಟು ಎಂದು ಹಂಚಿಹೋಗುತ್ತದೆ. ದೊಡ್ಡ ನಷ್ಟ ಸಣ್ಣ ಸಣ್ಣ ತುಂಡುಗಳಾಗಿ ಯಾರ ಕಣ್ಣಿಗೂ ಬೀಳದೆ ಜಾರಿಹೋಗುತ್ತದೆ. ನಿಜವಾಗಿ 50 ಲಕ್ಷ ಉಳಿಸುವ ತೀರ್ಮಾನ ಪುಸ್ತಕದಲ್ಲಿ 1 ಕೋಟಿ 10 ಲಕ್ಷದ ಗಾಯವಾಗಿ ಕಾಣುತ್ತದೆ, ಮತ್ತೆ 50 ಲಕ್ಷ ಕಳೆಯುವ ತೀರ್ಮಾನ ಪುಸ್ತಕದಲ್ಲಿ ಏನೂ ಆಗದಂತೆ ಕಾಣುತ್ತದೆ.

ಉದ್ಯಮಿ: ಪುಸ್ತಕದಲ್ಲಿ ಆಸ್ತಿಯ ಮೌಲ್ಯ ಕುಸಿದಾಗ ಅದನ್ನು ಇಳಿಸಿ ಬರೆಯಬೇಕೆಂಬ ನಿಯಮ ಇದೆಯಲ್ಲವೇ? ಲೆಕ್ಕಪರಿಶೋಧಕರು ಅದನ್ನು ಬಿಡುವುದಿಲ್ಲ.

ಲೆಕ್ಕತಜ್ಞ: ನಿಯಮ ಇದೆ. ಭಾರತದ ದೊಡ್ಡ ಕಂಪನಿಗಳಿಗೆ ಅನ್ವಯಿಸುವ ಇಂಡ್ ಎಎಸ್ 36 ಎಂಬ ಲೆಕ್ಕಮಾನಕದ ಪ್ರಕಾರ, ಆಸ್ತಿಯ ಪುಸ್ತಕ ಮೌಲ್ಯ ಅದರಿಂದ ಮರಳಿ ಪಡೆಯಬಹುದಾದ ಮೊತ್ತಕ್ಕಿಂತ ಹೆಚ್ಚಿದ್ದರೆ ವ್ಯತ್ಯಾಸವನ್ನು ನಷ್ಟವೆಂದು ತೋರಿಸಬೇಕು. ಮರಳಿ ಪಡೆಯಬಹುದಾದ ಮೊತ್ತ ಎಂದರೆ ಮಾರಿದರೆ ಖರ್ಚು ಕಳೆದು ಸಿಗುವ ಬೆಲೆ ಮತ್ತು ಬಳಸುತ್ತ ಹೋದರೆ ಮುಂದೆ ಸಿಗುವ ಹಣದ ಪ್ರಸ್ತುತ ಮೌಲ್ಯ, ಇವೆರಡರಲ್ಲಿ ಯಾವುದು ಹೆಚ್ಚೋ ಅದು. ಎರಡನೆಯ ಅಂಕಿ ಆಡಳಿತ ವರ್ಗದ ಮುನ್ನಂದಾಜಿನಿಂದ ಬರುತ್ತದೆ ಎಂಬಲ್ಲಿ ತೊಡಕಿದೆ. ವರ್ಷಕ್ಕೆ 12 ಲಕ್ಷ ಎನ್ನುವ ಬದಲು, ಕಳೆದುಹೋದ ಗಿರಾಕಿಯ ಜಾಗಕ್ಕೆ ಎರಡು ವರ್ಷದಲ್ಲಿ ಇನ್ನೊಬ್ಬರು ಬಂದಾರು ಎಂದು ಬರೆದುಕೊಂಡರೆ ಅಂಕಿ ಮೇಲೇರುತ್ತದೆ, ನಷ್ಟ ಮುಂದಕ್ಕೆ ಹೋಗುತ್ತದೆ. ಹಾಗೆ ಬರೆದುಕೊಳ್ಳುವವರು ಸುಳ್ಳು ಹೇಳುತ್ತಿದ್ದಾರೆಂದು ತಿಳಿಯಬೇಕಿಲ್ಲ. ಯೋಜನೆಯನ್ನು ಆರಂಭಿಸಿದವರು ಆ ಆಶೆಯನ್ನು ನಿಜವಾಗಿಯೇ ನಂಬಿರುತ್ತಾರೆ.

ಉದ್ಯಮಿ: ನಷ್ಟ ತೋರಿಸಿದ ಕಾರ್ಖಾನೆಗೆ ದುಡಿಯುವ ಬಂಡವಾಳದ ಸಾಲ ಕೊಡಲು ಬ್ಯಾಂಕು ಹಿಂದೆಮುಂದೆ ನೋಡುತ್ತದೆ, ಪಾಲುದಾರರು ಪ್ರಶ್ನೆ ಕೇಳುತ್ತಾರೆ. ಇವೂ ಮುಂದಿನ ವೆಚ್ಚಗಳೇ ಅಲ್ಲವೇ?

ಲೆಕ್ಕತಜ್ಞ: ಖಂಡಿತವಾಗಿ ಹೌದು, ಮತ್ತು ಈ ಮಾತನ್ನು ಪಾಠ ಹೇಳುವವರು ಬಹಳ ಸಲ ಮರೆಯುತ್ತಾರೆ. ನಷ್ಟ ಬರೆದ ಮೇಲೆ ಸಾಲದ ಬಡ್ಡಿ ಏರುವುದಾದರೆ ಆ ಹೆಚ್ಚುವರಿ ಬಡ್ಡಿಯನ್ನು ನಿಲ್ಲಿಸುವ ಕಡೆಯ ತಟ್ಟೆಗೆ ಹಾಕಲೇಬೇಕು. ನಷ್ಟದಿಂದ ತೆರಿಗೆ ಉಳಿಯುವುದಾದರೆ ಅದನ್ನೂ ಸೇರಿಸಬೇಕು. ಆದರೆ ಅವುಗಳನ್ನು ರೂಪಾಯಿಗಳಲ್ಲಿ ಅಂದಾಜು ಮಾಡಿ ಹಾಕಬೇಕು. ‘ಬ್ಯಾಂಕಿನವರು ಏನೆಂದಾರು’ ಎಂಬ ಮಾತು ಅಂಕಿಯಾಗದೆ ಭಯವಾಗಿ ಉಳಿದರೆ, ಅದು 50 ಲಕ್ಷಕ್ಕಿಂತ ದೊಡ್ಡದೋ ಚಿಕ್ಕದೋ ಎಂದು ತಿಳಿಯುವ ದಾರಿಯೇ ಇರುವುದಿಲ್ಲ.

ಉದ್ಯಮಿ: ಪುಸ್ತಕ ಒಂದು ಕಾರಣವಾಯಿತು. ಮನುಷ್ಯರೊಳಗಿನ ಕಾರಣ?

ಲೆಕ್ಕತಜ್ಞ: ಮಂಜೂರಾತಿ ಪತ್ರದ ಕೆಳಗೆ ಒಬ್ಬರ ಸಹಿ ಇರುತ್ತದೆ. ಬ್ಯಾರಿ ಸ್ಟಾ ಎಂಬ ಅಮೆರಿಕದ ವಿದ್ವಾಂಸರು 1976ರಲ್ಲಿ ವಾಣಿಜ್ಯ ಶಿಕ್ಷಣದ 240 ವಿದ್ಯಾರ್ಥಿಗಳಿಗೆ ಒಂದು ಕಲ್ಪಿತ ಕಂಪನಿಯ ಕಡತ ಕೊಟ್ಟು ನಡೆಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. ಕಂಪನಿಯ ಎರಡು ವಿಭಾಗಗಳಲ್ಲಿ ಒಂದನ್ನು ಆರಿಸಿ ಸಂಶೋಧನೆಗೆ ಹಣ ಕೊಡುವ ಕೆಲಸವನ್ನು ಅರ್ಧದಷ್ಟು ಜನರಿಗೇ ವಹಿಸಲಾಗಿತ್ತು. ಉಳಿದವರಿಗೆ ಆ ಆಯ್ಕೆಯನ್ನು ಹಿಂದಿನ ಅಧಿಕಾರಿ ಮಾಡಿದ್ದರೆಂದು ತಿಳಿಸಲಾಯಿತು. ಆಮೇಲೆ ಕೆಲವರಿಗೆ ಆ ವಿಭಾಗ ಏಳಿಗೆಯಾಯಿತೆಂದೂ ಕೆಲವರಿಗೆ ಸೊರಗಿತೆಂದೂ ಹೇಳಿ, ಎರಡನೆಯ ಕಂತಿನ 2 ಕೋಟಿ ಡಾಲರನ್ನು ಹಂಚಲು ಕೇಳಲಾಯಿತು. ತಾವೇ ಆರಿಸಿದ ವಿಭಾಗ ಸೊರಗಿದೆ ಎಂದು ತಿಳಿದವರು ಅದೇ ವಿಭಾಗಕ್ಕೆ ಸರಾಸರಿ ಸುಮಾರು 1 ಕೋಟಿ 30 ಲಕ್ಷ ಡಾಲರ್ ಕೊಟ್ಟರು. ಉಳಿದ ಎಲ್ಲ ಗುಂಪುಗಳ ಸರಾಸರಿ 1 ಕೋಟಿಗಿಂತ ಕೆಳಗೇ ಇತ್ತು. ಗಮನಿಸಬೇಕಾದದ್ದು ಏನೆಂದರೆ, ಸೊರಗಿದ ಅದೇ ವಿಭಾಗವನ್ನು ಬೇರೆಯವರು ಆರಿಸಿದ್ದರೆಂದು ತಿಳಿದವರಿಗೆ ಆ ಸೆಳೆತ ಇರಲಿಲ್ಲ. ಸೆಳೆಯುವುದು ಹೋದ ಹಣವಲ್ಲ, ಅದನ್ನು ಕಳುಹಿಸಿದ ಕೈ.

ಉದ್ಯಮಿ: ಹಾಗಿದ್ದರೆ ಸಹಿ ಹಾಕಿದವರನ್ನು ದೂರುವುದು ನ್ಯಾಯವೇ? ಯೋಜನೆ ನಿಲ್ಲಿಸಿದರೆ ಅವರ ತಪ್ಪು ಅಂದೇ ಸಾಬೀತಾಗುತ್ತದೆ. ಮುಂದುವರಿಸಿದರೆ ಕಡೇ ಪಕ್ಷ ಸಾಬೀತಾಗುವ ದಿನ ದೂರ ಹೋಗುತ್ತದೆ, ಅದೃಷ್ಟವಿದ್ದರೆ ಬಾರದೆಯೂ ಇರಬಹುದು. ಅವರ ಜಾಗದಲ್ಲಿ ನಿಂತು ನೋಡಿದರೆ ಮುಂದುವರಿಸುವುದೇ ಬುದ್ಧಿವಂತಿಕೆ.

ಲೆಕ್ಕತಜ್ಞ: ಕಷ್ಟದ ತಿರುಳು ತಾವು ಈಗ ಹೇಳಿದ ಮಾತಿನಲ್ಲಿದೆ. ಮುಳುಗಿದ ವೆಚ್ಚ ಮುಳುಗಿರುವುದು ಕಂಪನಿಗೆ. ಸಹಿ ಹಾಕಿದವರಿಗೆ ಅದು ಮುಳುಗಿಲ್ಲ, ಅವರ ಬಡ್ತಿಯಾಗಿ, ಹೆಸರಾಗಿ, ಕೆಲಸದ ಭದ್ರತೆಯಾಗಿ ಮುಂದೆಯೂ ನಿಂತಿರುತ್ತದೆ. ಕಂಪನಿಯ ಲೆಕ್ಕದಲ್ಲಿ ತಪ್ಪಾದದ್ದು ಅವರ ಲೆಕ್ಕದಲ್ಲಿ ಸರಿಯಾಗಿರಬಹುದು. ಆದ್ದರಿಂದ ಧೈರ್ಯ ಹೇಳುವುದರಿಂದಾಗಲೀ ಅರ್ಥಶಾಸ್ತ್ರ ಕಲಿಸುವುದರಿಂದಾಗಲೀ ಇದು ಸರಿಹೋಗುವುದಿಲ್ಲ. ಯಾರು ತೀರ್ಮಾನಿಸುತ್ತಾರೆ ಎಂಬುದನ್ನೇ ಬದಲಿಸಬೇಕಾಗುತ್ತದೆ.

ಉದ್ಯಮಿ: ಬದಲಿಸಿ ಗೆದ್ದ ಕಂಪನಿ ಯಾವುದಾದರೂ ಇದೆಯೇ?

ಲೆಕ್ಕತಜ್ಞ: ಇಂಟೆಲ್ ಕಂಪನಿಯಲ್ಲಿ ಇದು ಎರಡು ಹಂತಗಳಲ್ಲಿ ನಡೆಯಿತು. 1968ರಲ್ಲಿ ಆರಂಭವಾದ ಆ ಕಂಪನಿಯ ಬೇರು ಇದ್ದದ್ದು ಗಣಕದ ಮೆಮೊರಿ ಚಿಪ್ಪುಗಳಲ್ಲಿ. ಅದರ ಸಂಶೋಧನೆ, ಕಾರ್ಖಾನೆ, ಹೆಮ್ಮೆ ಎಲ್ಲವೂ ಅಲ್ಲೇ ಹೂಡಿಕೆಯಾಗಿದ್ದವು. 1980ರ ದಶಕದ ಆರಂಭದಲ್ಲಿ ಜಪಾನಿನ ತಯಾರಕರು ಒಳ್ಳೆಯ ಗುಣಮಟ್ಟದ ಚಿಪ್ಪುಗಳನ್ನು ಅಗ್ಗವಾಗಿ ಕೊಡತೊಡಗಿದ ಮೇಲೂ ಮೇಲಿನವರಿಗೆ ಆ ವ್ಯವಹಾರವನ್ನು ಬಿಡುವ ಮನಸ್ಸಾಗಲಿಲ್ಲ. 1985ರಲ್ಲಿ ಆಂಡಿ ಗ್ರೋವ್ ಮುಖ್ಯಸ್ಥರಾಗಿದ್ದ ಗಾರ್ಡನ್ ಮೂರ್ ಅವರನ್ನು, ಆಡಳಿತ ಮಂಡಳಿ ತಮ್ಮಿಬ್ಬರನ್ನೂ ತೆಗೆದು ಹೊಸಬರನ್ನು ತಂದರೆ ಆ ಹೊಸಬರು ಏನು ಮಾಡಿಯಾರು ಎಂದು ಕೇಳಿದರಂತೆ. ಮೆಮೊರಿ ಬಿಟ್ಟುಬಿಡುತ್ತಾರೆ ಎಂಬುದು ತಡವಿಲ್ಲದೆ ಬಂದ ಉತ್ತರ. ಹಾಗಾದರೆ ಬಾಗಿಲಿನಿಂದ ಹೊರಗೆ ಹೋಗಿ ಮತ್ತೆ ಒಳಬಂದು ತಾವೇ ಅದನ್ನು ಏಕೆ ಮಾಡಬಾರದು ಎಂದು ಗ್ರೋವ್ ಕೇಳಿದ್ದನ್ನು ಅವರೇ ತಮ್ಮ ಪುಸ್ತಕದಲ್ಲಿ ದಾಖಲಿಸಿದ್ದಾರೆ. ಸ್ಟಾ ಅವರ ಪ್ರಯೋಗದಲ್ಲಿ ‘ಹಿಂದಿನ ಅಧಿಕಾರಿ’ ಮಾಡಿದ ಕೆಲಸವನ್ನು ಈ ಪ್ರಶ್ನೆ ಮಾಡಿತು. ಸಹಿ ಹಾಕಿದ ಕೈ ತನ್ನದಲ್ಲ ಎಂದು ಒಂದು ಕ್ಷಣ ಭಾವಿಸಲು ಅನುವು ಕೊಟ್ಟಿತು.

ಉದ್ಯಮಿ: ಎರಡು ಹಂತಗಳೆಂದು ಹೇಳಿದ್ದಾಯಿತು. ಇನ್ನೊಂದು?

ಲೆಕ್ಕತಜ್ಞ: ಅದು ಇದಕ್ಕಿಂತ ಮೊದಲೇ, ಸದ್ದಿಲ್ಲದೆ ನಡೆದಿತ್ತು, ಮತ್ತು ಅದೇ ಹೆಚ್ಚು ಬೆಲೆಯುಳ್ಳದ್ದು. ಇಂಟೆಲ್ಲಿನ ಕಾರ್ಖಾನೆಗಳಲ್ಲಿ ಸಿಲಿಕಾನ್ ಬಿಲ್ಲೆಗಳನ್ನು ಯಾವ ಚಿಪ್ಪಿಗೆ ಎಷ್ಟು ಬಳಸಬೇಕೆಂಬುದನ್ನು ಒಂದು ನಿಯಮ ನಿರ್ಧರಿಸುತ್ತಿತ್ತು: ಒಂದು ಬಿಲ್ಲೆಯಿಂದ ಯಾವ ಉತ್ಪನ್ನ ಹೆಚ್ಚು ಲಾಭ ಕೊಡುತ್ತದೆಯೋ ಅದಕ್ಕೆ ಮೊದಲ ಪಾಲು. ಮೆಮೊರಿಯ ಬೆಲೆ ಕುಸಿದಂತೆ ಆ ನಿಯಮ ತಿಂಗಳು ತಿಂಗಳೂ ಬಿಲ್ಲೆಗಳನ್ನು ಮೈಕ್ರೊಪ್ರೊಸೆಸರಿನ ಕಡೆಗೆ ಸರಿಸುತ್ತ ಹೋಯಿತು. ಹಿಂದೆ ಎಷ್ಟು ಹಾಕಿದೆ ಎಂಬುದನ್ನು ಕೇಳುವ ಅಂಕಣವೇ ಅದರಲ್ಲಿ ಇರಲಿಲ್ಲ, ಆದ್ದರಿಂದ ಅದು ಅಳುಕಲೂ ಇಲ್ಲ. ಮೇಲಿನ ಕೊಠಡಿಯಲ್ಲಿ ತೀರ್ಮಾನ ಆಗುವ ಹೊತ್ತಿಗೆ ಕೆಳಗಿನ ಅಂಗಳದಲ್ಲಿ ಮೆಮೊರಿ ಆಗಲೇ ಚಿಕ್ಕದಾಗಿತ್ತು. ತೀರ್ಮಾನವನ್ನು ಗಿರಾಕಿಗಳಿಗೆ ತಿಳಿಸಿದಾಗ ಅವರಲ್ಲಿ ಹೆಚ್ಚಿನವರಿಗೆ ಅಚ್ಚರಿಯೂ ಆಗಲಿಲ್ಲ ಎಂದು ಗ್ರೋವ್ ಬರೆದಿದ್ದಾರೆ.

ಉದ್ಯಮಿ: ರಟ್ಟಿನ ಕಾರ್ಖಾನೆಗೆ ಸಿಲಿಕಾನ್ ಬಿಲ್ಲೆಯ ನಿಯಮವಿಲ್ಲ. ಅದರ ಆಡಳಿತ ಮಂಡಳಿಯ ಮುಂದೆ ಇಡುವ ಟಿಪ್ಪಣಿ ಹೇಗಿರಬೇಕು?

ಲೆಕ್ಕತಜ್ಞ: ಒಂದೇ ಪುಟ ಸಾಕು. ಮುಗಿಸಲು ಬೇಕಾದದ್ದು 80 ಲಕ್ಷ, ನಿಲ್ಲಿಸಿದರೆ ಕೈಗೆ ಬರುವುದು 30 ಲಕ್ಷ, ಮುಗಿಸಿದರೆ ಮುಂದೆ ಸಿಗುವುದರ ಇಂದಿನ ಬೆಲೆ 60 ಲಕ್ಷ. ಈ ಮೂರೂ ಅಂಕಿಗಳನ್ನು ಯೋಜನೆಯನ್ನು ಮಂಜೂರು ಮಾಡಿಸಿದವರಲ್ಲದ ಬೇರೊಬ್ಬರು ಸಿದ್ಧಪಡಿಸಬೇಕು, ಮೂರನೆಯದಕ್ಕೆ ಆಧಾರವಾದ ಗಿರಾಕಿಗಳ ಹೆಸರುಗಳನ್ನು ಕೆಳಗೆ ಬರೆಯಬೇಕು. ಇನ್ನೂ ಆರಂಭವಾಗದ ಯೋಜನೆಯಾದರೆ, ವಾರ್ಷಿಕ ಉಳಿತಾಯದ ಅಂದಾಜು ಎಷ್ಟಕ್ಕಿಂತ ಕೆಳಗಿಳಿದರೆ ಮತ್ತೆ ಸಭೆ ಸೇರಬೇಕೆಂಬುದನ್ನು ಮಂಜೂರಾತಿ ಪತ್ರದಲ್ಲೇ ನಮೂದಿಸುವುದು ಇನ್ನೂ ಒಳ್ಳೆಯದು, ಏಕೆಂದರೆ ಆ ದಿನ ಯಾರ ಹೆಸರೂ ಇನ್ನೂ ಹಣದ ಜೊತೆ ಅಂಟಿಕೊಂಡಿರುವುದಿಲ್ಲ.

ಉದ್ಯಮಿ: 1 ಕೋಟಿ 40 ಲಕ್ಷ ಏನಾಯಿತೆಂದು ಸದಸ್ಯರು ಕೇಳಿಯೇ ಕೇಳುತ್ತಾರೆ. ಉತ್ತರ ಕೊಡದಿದ್ದರೆ ಮುಚ್ಚಿಟ್ಟಂತಾಗುತ್ತದೆ.

ಲೆಕ್ಕತಜ್ಞ: ಕೇಳುವ ಹಕ್ಕು ಅವರಿಗಿದೆ, ಉತ್ತರವನ್ನೂ ಪೂರ್ಣವಾಗಿ ಕೊಡಬೇಕು: ಅಂದಾಜು ಎಲ್ಲಿ ತಪ್ಪಿತು, ಗಿರಾಕಿಯೊಡನೆ ಲಿಖಿತ ಕರಾರು ಏಕೆ ಮಾಡಿಕೊಳ್ಳಲಿಲ್ಲ, ಉಳಿದ ಭಾಗಗಳ ಬೆಲೆಯನ್ನು ಮೊದಲೇ ಏಕೆ ನಿಗದಿಪಡಿಸಲಿಲ್ಲ ಎಂಬುದೆಲ್ಲ ಮುಂದಿನ ಯೋಜನೆಗೆ ಬೇಕಾದ ತಿಳಿವಳಿಕೆ. ಆದರೆ ಅದನ್ನು ಇನ್ನೊಂದು ದಿನದ ಸಭೆಯಲ್ಲಿ, ಮುಂದುವರಿಸುವ ಅಥವಾ ನಿಲ್ಲಿಸುವ ತೀರ್ಮಾನಕ್ಕೆ ಸಹಿ ಬಿದ್ದ ಮೇಲೆ ಕೇಳಬೇಕು. ಎರಡೂ ಪ್ರಶ್ನೆಗಳನ್ನು ಒಂದೇ ಸಭೆಯಲ್ಲಿ ಕೇಳಿದರೆ ತಪ್ಪೊಪ್ಪಿಕೊಳ್ಳಬೇಕಾದವರೇ 60 ಲಕ್ಷದ ಅಂಕಿಯನ್ನು ಸಮರ್ಥಿಸಬೇಕಾಗುತ್ತದೆ, ಆಗ ಅದು 60ರಲ್ಲಿ ಉಳಿಯುವುದಿಲ್ಲ.

ಉದ್ಯಮಿ: ಷೆಡ್ಡಿನಲ್ಲಿರುವ ಆ ತಳಹದಿ?

ಲೆಕ್ಕತಜ್ಞ: ಬೋಲ್ಟುಗಳನ್ನು ನೆಲಮಟ್ಟಕ್ಕೆ ಕತ್ತರಿಸಿ ಅದರ ಮೇಲೆ ಕಾಗದದ ಸುರುಳಿಗಳನ್ನು ಜೋಡಿಸಿಡಬಹುದು, ಅದರಿಂದ ಹೊರಗಿನ ಗೋದಾಮಿನ ಬಾಡಿಗೆ ತಿಂಗಳಿಗೆ ಎಷ್ಟಾದರೂ ಉಳಿಯುವುದಾದರೆ ಆ ಬಾಡಿಗೆಯನ್ನು ನಿಲ್ಲಿಸುವ ಕಡೆಯ ತಟ್ಟೆಗೆ ಸೇರಿಸಬೇಕು. ಅದಕ್ಕೆ ಹಾಕಿದ ಹಣವನ್ನು ಸೇರಿಸಬೇಕಿಲ್ಲ.